ತೊಟ್ಟಿ ಬರಿದಾಗಲು ಎಷ್ಟು ಹೊತ್ತು?

ಒಂದು ಮೀಟರ್ ಉದ್ದ, ಅಗಲ, ಎತ್ತರದ ತೊಟ್ಟಿ. ತುಂಬ 1000 ಲೀಟರ್ ನೀರು. ತಳದಲ್ಲಿ ಎರಡೂವರೆ ಸೆಂಟಿಮೀಟರ್ ಅಗಲದ ದುಂಡು ತೂತು. ಬಿರಡೆ ತೆಗೆದರೆ ಮೊದಲ ಸೆಕೆಂಡಿನಲ್ಲಿ ಸುಮಾರು 1.3 ಲೀಟರ್ ಹೊರಬೀಳುತ್ತದೆ. ಇದೇ ಲೆಕ್ಕ ಹಿಡಿದರೆ ತೊಟ್ಟಿ ಹದಿಮೂರು ನಿಮಿಷದೊಳಗೆ ಖಾಲಿಯಾಗಬೇಕು. ಆದರೆ ಬೇಕಾಗುವುದು ಇಪ್ಪತ್ತೈದೂವರೆ ನಿಮಿಷ, ಸರಿಯಾಗಿ ಎರಡು ಪಟ್ಟು.

ಇಟಲಿಯ ಟೊರಿಚೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮದಲ್ಲಿ ಇದಕ್ಕೆ ಕಾರಣವಿದೆ. ನೀರು ಚಿಮ್ಮುವ ವೇಗ ನೀರಿನ ಮಟ್ಟದ ವರ್ಗಮೂಲಕ್ಕೆ ತಕ್ಕಂತಿರುತ್ತದೆ. ಮಟ್ಟ ಕಾಲು ಭಾಗಕ್ಕೆ ಇಳಿದಾಗ ವೇಗ ಅರ್ಧವಾಗುತ್ತದೆ. ಹೀಗಾಗಿ ಮೊದಲ 500 ಲೀಟರ್ ಏಳೂವರೆ ನಿಮಿಷದಲ್ಲಿ ಹೋದರೆ, ಉಳಿದರ್ಧಕ್ಕೆ ಹದಿನೆಂಟು ನಿಮಿಷ ಹಿಡಿಯುತ್ತದೆ. ನನಗೆ ಅತ್ಯಂತ ಸೊಗಸೆನಿಸುವುದು ಇದು: ಕೊನೆಯ ಕಾಲು ಭಾಗ ನೀರೇ ಒಟ್ಟು ಹೊತ್ತಿನ ಅರ್ಧವನ್ನು ನುಂಗುತ್ತದೆ.

ಸೂತ್ರ ಹೀಗಿದೆ:

t = (2A / (C·a)) × √(H / 2g)

A ತೊಟ್ಟಿಯ ತಳದ ವಿಸ್ತೀರ್ಣ, a ತೂತಿನದು, H ಆರಂಭದ ನೀರಿನ ಎತ್ತರ, g ಗುರುತ್ವ ವೇಗೋತ್ಕರ್ಷ. ಅಂಚು ಚೂಪಾಗಿದ್ದರೆ ಧಾರೆ ತೂತಿಗಿಂತ ಸಣ್ಣಗಾಗುವುದರಿಂದ C ಸುಮಾರು 0.6. ಇದನ್ನು ಮರೆತವರ ಲೆಕ್ಕದಲ್ಲಿ ತೊಟ್ಟಿ ಹದಿನೈದೇ ನಿಮಿಷದಲ್ಲಿ ಬರಿದಾಗಿಬಿಡುತ್ತದೆ. ಕೊನೆಯ ಕೆಲವು ಸೆಂಟಿಮೀಟರಿನಲ್ಲಿ ಸುಳಿ ಎದ್ದು, ಗಾಳಿ ನುಗ್ಗಿ ಗೊರಗೊರ ಸದ್ದಾದರೆ ಸೂತ್ರ ಅಲ್ಲಿಂದಾಚೆ ನಡೆಯದು. ನೀರು ಇನ್ನೂ ನಿಧಾನವಾಗಿ ಇಳಿಯುತ್ತದೆ.