ವರದಿಗಾರನ ಕಪಾಟಿಗೆ ಮೂರು ಪುಸ್ತಕಗಳು

ಪತ್ರಿಕಾ ವರದಿಗಾರನಾಗಬೇಕೆಂಬ ಹಂಬಲವುಳ್ಳ ತರುಣರು ಸಾಮಾನ್ಯವಾಗಿ ಮೊದಲು ಅರಸುವುದು ಬರೆಯುವ ಬಗೆಯನ್ನು ಕಲಿಸುವ ಪುಸ್ತಕವನ್ನು. ಆದರೆ ಈ ವಿದ್ಯೆಯಲ್ಲಿ ಓದಿನ ಕ್ರಮ ತಿರುಗುಮುರುಗಾಗಿರುವುದೇ ಲೇಸು. ಸುದ್ದಿಯ ಸತ್ಯಾಸತ್ಯವನ್ನು ಪರೀಕ್ಷಿಸುವುದು ಮೊದಲು, ನೀತಿ ಅನಂತರ, ಬರವಣಿಗೆ ಕೊನೆಗೆ.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಭ್ರಮಿಸಿದ ಗುಂಪು, ಹೈದರಾಬಾದಿನ ತರುಣ ಎಂಜಿನಿಯರೊಬ್ಬನನ್ನು ಬಡಿದು ಕೊಂದಿತು. ವದಂತಿ ಅವರ ಕಾರಿಗಿಂತ ಮುಂಚೆಯೇ ವಾಟ್ಸಾಪ್ ಮೂಲಕ ಆ ಊರನ್ನು ಮುಟ್ಟಿತ್ತು. ಅದೇ ವರ್ಷ ದೇಶದಲ್ಲೆಲ್ಲ ಹರಿದಾಡಿದ, ಬೈಕಿನಲ್ಲಿ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಭಾರತದ್ದೇ ಆಗಿರಲಿಲ್ಲ. ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತಯಾರಿಸಿದ ಎಚ್ಚರಿಕೆಯ ಚಿತ್ರ ಅದು. ಮಗುವನ್ನು ಮರಳಿ ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು.

ಆದುದರಿಂದ ಕಪಾಟಿನ ಮೊದಲ ಪುಸ್ತಕ ಕ್ರೇಗ್ ಸಿಲ್ವರ್‌ಮನ್ ಸಂಪಾದಿಸಿದ 'ವೆರಿಫಿಕೇಶನ್ ಹ್ಯಾಂಡ್‌ಬುಕ್'. 2014ರಲ್ಲಿ ಯುರೋಪಿನ ಪತ್ರಿಕೋದ್ಯಮ ಕೇಂದ್ರವು ಹೊರತಂದ ಈ ಕೈಪಿಡಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಬಹುದು. ಅದು ಕಲಿಸುವ ಪ್ರಶ್ನೆಗಳು ನಾಲ್ಕು: ಇದು ಮೂಲಪ್ರತಿಯೇ? ಕೊಟ್ಟವರು ಯಾರು? ಎಂದು ತೆಗೆದದ್ದು? ಎಲ್ಲಿಯದು?

ಉದಾಹರಣೆಗೆ, ದಾವಣಗೆರೆಯ ಎಸ್.ಎಸ್. ಬಡಾವಣೆಯ ತರುಣಿಯೊಬ್ಬಳಿಗೆ ಒಂದು ಚಿತ್ರ ಬಂದಿತೆಂದು ಭಾವಿಸೋಣ. ದಡದಲ್ಲಿ ಸತ್ತ ಮೀನುಗಳು. ಕೆಳಗೆ 'ಕುಂದವಾಡ ಕೆರೆಯಲ್ಲಿ ವಿಷ, ನಲ್ಲಿ ನೀರು ಕುಡಿಯಬೇಡಿ' ಎಂಬ ಒಕ್ಕಣೆ. ನಗರಕ್ಕೆ ಕುಡಿಯುವ ನೀರೊದಗಿಸುವ ಕೆರೆಯಾದುದರಿಂದ ಮನೆಮನೆಯಲ್ಲೂ ದಿಗಿಲು. ಅವಳು ಮೊದಲು ಆ ಚಿತ್ರವನ್ನು ಅಂತರ್ಜಾಲದ ಚಿತ್ರಶೋಧಕ್ಕೆ ಕೊಡಬೇಕು. ಹಳೆಯ ಚಿತ್ರವಾಗಿದ್ದರೆ ಬಹುಮಟ್ಟಿಗೆ ಅಲ್ಲಿಯೇ ಬಯಲಾಗುತ್ತದೆ. ಸಿಗದಿದ್ದ ಮಾತ್ರಕ್ಕೆ ಅದು ಹೊಸದೆಂದು ಅರ್ಥವಲ್ಲ. ಕಳುಹಿಸಿದವರಿಂದ ಹಿಂದಕ್ಕೆ ಹಿಂದಕ್ಕೆ ಕೇಳುತ್ತ ಚಿತ್ರ ತೆಗೆದವರನ್ನೇ ಮುಟ್ಟಬೇಕು. ಅದೇ ಹೊತ್ತಿನಲ್ಲಿ ತೆಗೆದ ಇನ್ನೊಂದು ಚಿತ್ರವನ್ನೂ ಮೂಲಪ್ರತಿಯನ್ನೂ ಬೇಡಬೇಕು. ಕೈಯಿಂದ ಕೈಗೆ ದಾಟಿದ ಪ್ರತಿಯಲ್ಲಿ ಚಿತ್ರ ತೆಗೆದ ದಿನಾಂಕ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ. ಕೊನೆಗೆ ಕೆರೆಗೇ ಹೋಗಿ ಏರಿ, ಮೆಟ್ಟಿಲು, ಕಂಬಗಳನ್ನು ಚಿತ್ರದೊಡನೆ ಹೋಲಿಸಬೇಕು. ಮೀನುಗಳು ನಿಜವಾಗಿಯೇ ಸತ್ತಿದ್ದರೂ 'ವಿಷ' ಎಂಬುದು ಬೇರೆಯೇ ಮಾತು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೂ ಮೀನು ಸಾಯುತ್ತದೆ. ಕಾರಣವನ್ನು ಹೇಳಬಲ್ಲುದು ಪ್ರಯೋಗಾಲಯವೇ ಹೊರತು ಛಾಯಾಚಿತ್ರವಲ್ಲ.

ಎರಡನೆಯದು ಭಾರತೀಯ ಪತ್ರಿಕಾ ಮಂಡಳಿಯ 'ಪತ್ರಿಕಾ ನಡವಳಿಕೆಯ ನಿಯಮಗಳು' ಎಂಬ ಹೊತ್ತಗೆ. ಕೆರೆಯ ಪಕ್ಕದ ಒಬ್ಬರು ಯಾವುದೋ ಕಾರ್ಖಾನೆಯ ಹೆಸರನ್ನು ಹೇಳಿ ದೂಷಿಸಿದರೆ ಅದನ್ನು ಹಾಗೆಯೇ ಅಚ್ಚಿಸುವಂತಿಲ್ಲ. ಆರೋಪಕ್ಕೊಳಗಾದವರನ್ನು ಪ್ರಕಟಣೆಗೆ ಮೊದಲೇ ಕೇಳಿ, ಅವರ ಮಾತನ್ನೂ ಜೊತೆಗೆ ಕೊಡಬೇಕೆಂಬುದು ಅಲ್ಲಿಯ ನಿಯಮ. ವರದಿಗೆ ಆಧಾರವಾದ ದಾಖಲೆಯನ್ನು ಕನಿಷ್ಠ ಆರು ತಿಂಗಳು ಕಾಪಾಡಬೇಕೆಂದೂ ಅದು ವಿಧಿಸುತ್ತದೆ. ಮಂಡಳಿಗೆ ಎಚ್ಚರಿಸುವ, ಖಂಡಿಸುವ ಅಧಿಕಾರವುಂಟೇ ಹೊರತು ದಂಡ ಹಾಕುವ ಅಧಿಕಾರವಿಲ್ಲ. ಆದುದರಿಂದ ಈ ನಿಯಮಗಳ ಬಲವೆಲ್ಲ ಪಾಲಿಸುವವರ ಮನಸ್ಸಿನಲ್ಲಿದೆ.

ಇಷ್ಟಾದ ಮೇಲೆ ಮೂರನೆಯ ಪುಸ್ತಕ: ಉಡುಪಿಯವರಾದ ಎಂ.ವಿ. ಕಾಮತರು 1980ರಲ್ಲಿ ಪ್ರಕಟಿಸಿದ 'ಪ್ರೊಫೆಷನಲ್ ಜರ್ನಲಿಸಂ'. ವರದಿಗಾರಿಕೆ ಮತ್ತು ಸಂಪಾದನೆಯ ದಿನನಿತ್ಯದ ಕೆಲಸ ಇಂಥ ಪುಸ್ತಕದಿಂದ ತಿಳಿಯುತ್ತದೆ. ಸುದ್ದಿಯ ಮುಖ್ಯಾಂಶ ಮೊದಲ ವಾಕ್ಯದಲ್ಲಿ, ಉಳಿದುದು ಮಹತ್ವದ ಕ್ರಮದಲ್ಲಿ ಎಂಬುದು ಈ ಕಸುಬಿನ ಹಳೆಯ ಪದ್ಧತಿ. ನಮ್ಮ ತರುಣಿ ಈಗ ಹೀಗೆ ಬರೆಯಬಹುದು: 'ಕುಂದವಾಡ ಕೆರೆಯ ದಡದಲ್ಲಿ ಮಂಗಳವಾರ ಬೆಳಗ್ಗೆ ಸುಮಾರು 20 ಸತ್ತ ಮೀನುಗಳು ಕಂಡುಬಂದವು, ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಿರುವುದಾಗಿ ಮಹಾನಗರ ಪಾಲಿಕೆಯ ಎಂಜಿನಿಯರರು ತಿಳಿಸಿದರು.'

ಈ ವಾಕ್ಯದಲ್ಲಿ 'ವಿಷ' ಎಂಬ ಪದವಿಲ್ಲ. ಅವಳು ಕಂಡದ್ದು ಬೇರೆಯಾಗಿಯೂ, ಕೇಳಿದ್ದು ಹೇಳಿದವರ ಹೆಸರಿನೊಡನೆ ಬೇರೆಯಾಗಿಯೂ ನಿಂತಿವೆ. ಇದನ್ನು ಬರೆಯುವ ಪುಸ್ತಕವೊಂದರಿಂದಲೇ ಕಲಿಯಲಾಗದು. ಕೆರೆಯ ಏರಿಯವರೆಗೆ ನಡೆದುಹೋಗುವ ಶ್ರಮವನ್ನಂತೂ ಯಾವ ಪುಸ್ತಕವೂ ಉಳಿಸಿಕೊಡದು.