ಆರು ರಾಶಿ ಕೂಡಿಸಿದರೆ ಕೇತು

ಪಂಚಾಂಗವನ್ನು ಗಣಿಸುವವರು ರಾಹುವಿನ ಸ್ಥಾನವನ್ನಷ್ಟೇ ಲೆಕ್ಕ ಹಾಕಿ, ಬಂದ ಫಲಕ್ಕೆ ಆರು ರಾಶಿಗಳನ್ನು ಕೂಡಿಸಿ ಅದನ್ನೇ ಕೇತುವೆಂದು ಬರೆದುಬಿಡುತ್ತಾರೆ. ಅಮೃತವನ್ನು ಕದ್ದು ಕುಡಿದವನ ರುಂಡಮುಂಡಗಳು ಬೇರೆಯಾದ ಕಥೆಯನ್ನು ನಾವೆಲ್ಲ ಬಲ್ಲೆವಾದರೂ, ಬೇರೆಯಾದ ಆ ತುಂಡುಗಳು ಆಕಾಶದಲ್ಲಿ ಎಂದೆಂದಿಗೂ ಎದುರುಬದುರಾಗಿಯೇ ಏಕಿರಬೇಕೆಂಬುದನ್ನು ಪುರಾಣ ಹೇಳುವುದಿಲ್ಲ, ಕ್ಷೇತ್ರಗಣಿತ ಹೇಳುತ್ತದೆ.

ಸೂರ್ಯನು ಸಂಚರಿಸುವಂತೆ ತೋರುವ ಕ್ರಾಂತಿವೃತ್ತದ ಸಮತಲಕ್ಕೆ ಚಂದ್ರನ ಕಕ್ಷೆಯ ಸಮತಲವು ಐದು ಅಂಶಗಳಿಗಿಂತ ತುಸು ಹೆಚ್ಚಾಗಿ ಓರೆಯಾಗಿದೆ. ಎರಡು ಸಮತಲಗಳು ಪರಸ್ಪರ ಛೇದಿಸುವುದು ಒಂದು ಸರಳರೇಖೆಯಲ್ಲಿ. ಇವೆರಡೂ ಭೂಕೇಂದ್ರವನ್ನು ಹಾಯುವುದರಿಂದ ಆ ರೇಖೆಯೂ ಭೂಕೇಂದ್ರವನ್ನೇ ಹಾಯಬೇಕು. ಹಾಗಾಗಿ, ಅದರ ಮಧ್ಯದಲ್ಲಿ ನಿಂತ ನಮಗೆ ಒಂದು ತುದಿ ಎದುರಿಗಿದ್ದರೆ ಮತ್ತೊಂದು ಬೆನ್ನ ಹಿಂದೆ, ಸರಿಯಾಗಿ 180 ಅಂಶಗಳಾಚೆ ಇದ್ದೇ ತೀರಬೇಕು. ಚಂದ್ರನು ದಕ್ಷಿಣದಿಂದ ಉತ್ತರಕ್ಕೆ ದಾಟುವ ಪಾತ ರಾಹು, ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಪಾತ ಕೇತು.

ಈ ರೇಖೆಯಾದರೋ ನಿಂತಲ್ಲಿ ನಿಲ್ಲದು. ಓರೆಯಾದ ಕಕ್ಷೆಯನ್ನು ಸೂರ್ಯನ ಆಕರ್ಷಣೆ ಕ್ರಾಂತಿವೃತ್ತದ ಕಡೆಗೆ ಎಳೆಯಲೆತ್ನಿಸಿದಾಗ, ತಿರುಗುವ ಬುಗುರಿಯು ಬೀಳದೆ ತಲೆಯನ್ನು ತೂಗುವಂತೆ, ಕಕ್ಷೆಯು ಸಮತಲಕ್ಕೆ ಬೀಳದೆ ಹಿಮ್ಮುಖವಾಗಿ ಸುತ್ತುತ್ತದೆ. ಸೂರ್ಯಸಿದ್ಧಾಂತವು ಒಂದು ಮಹಾಯುಗದ 1,57,79,17,828 ದಿನಗಳಿಗೆ ಪಾತದ 2,32,238 ಭ್ರಮಣಗಳನ್ನು ಹೇಳುತ್ತದೆ. ಭಾಗಿಸಿದರೆ ಸುತ್ತಿಗೆ ಸುಮಾರು 6,794 ದಿನ, ಎಂದರೆ 18.6 ವರ್ಷ. ದೂರದರ್ಶಕವಿಲ್ಲದವರು ಗ್ರಹಣಗಳನ್ನು ಕಾದು ಪಡೆದ ಈ ಅಂಕಿ ಇಂದಿನ ಮಾನಕ್ಕೆ ಇಷ್ಟು ಸಮೀಪವಾಗಿರುವುದು ನನಗಂತೂ ಪುರಾಣಕ್ಕಿಂತ ಅದ್ಭುತವಾಗಿ ತೋರುತ್ತದೆ.

ಇಂದಿನ ಗಣನೆಯೂ ಇದೇ ಮಾರ್ಗದ್ದು. 2000ದ ಜನವರಿ 1ರ ಗ್ರೀನಿಚ್ ಮಧ್ಯಾಹ್ನದಲ್ಲಿ ಮಧ್ಯಮ ರಾಹು, ವಸಂತ ವಿಷುವದಿಂದ ಅಳೆದರೆ, 125.04 ಅಂಶದಲ್ಲಿತ್ತು, ದಿನಕ್ಕೆ 0.05295 ಅಂಶದಂತೆ ಹಿಂದೆ ಸರಿಯುತ್ತದೆ. ಕೊಡಗಿನ ಕುಟ್ಟದಲ್ಲಿ ಕಂಕಣ ಸೂರ್ಯಗ್ರಹಣ ಕಂಡ 2019ರ ಡಿಸೆಂಬರ್ 26ರ ಬೆಳಿಗ್ಗೆಗೆ 7,298.7 ದಿನಗಳಾಗಿದ್ದವು, ಗುಣಿಸಿದರೆ 386.5 ಅಂಶ. ಇದನ್ನು 125.04ರಿಂದ ಕಳೆದು 360 ಕೂಡಿಸಿದರೆ ರಾಹು 98.6ರಲ್ಲಿ, ಕೇತು 278.6ರಲ್ಲಿ. ಅಂದು ಸೂರ್ಯನಿದ್ದುದು 274.1ರಲ್ಲಿ, ಕೇತುವಿಗೆ ಕೇವಲ ನಾಲ್ಕೂವರೆ ಅಂಶ ಸಮೀಪದಲ್ಲಿ. ಅಮಾವಾಸ್ಯೆಯ ಚಂದ್ರನು ಅವನನ್ನು ತಪ್ಪಿಸಿ ಹೋಗುವಂತಿರಲಿಲ್ಲ. ನಿರಯಣ ಪಂಚಾಂಗದ ಅಂಕಿ ಬೇಕಾದವರು ಸುಮಾರು 24 ಅಂಶಗಳ ಅಯನಾಂಶವನ್ನು ಕಳೆಯತಕ್ಕದ್ದು. ಆಗ ರಾಹು ಮಿಥುನದಲ್ಲಿಯೂ ಕೇತು ಧನುಸ್ಸಿನಲ್ಲಿಯೂ ಬರುತ್ತವೆ.

ಇದು ಮಧ್ಯಮ ಸ್ಥಾನ. ಸೂರ್ಯನ ಎಳೆತ ಏಕರೀತಿಯದಲ್ಲವಾದ್ದರಿಂದ ನಿಜವಾದ ಪಾತವು ಇದರಿಂದ ಒಂದೂವರೆ ಅಂಶದವರೆಗೆ ಅತ್ತಿತ್ತ ತೂಗಾಡುತ್ತದೆ. ಎರಡು ಪಂಚಾಂಗಗಳ ರಾಹು ಕೂಡಿಬರದಿದ್ದರೆ, ಒಂದು ಮಧ್ಯಮವನ್ನೂ ಮತ್ತೊಂದು ಸ್ಫುಟವನ್ನೂ ಕೊಟ್ಟಿದೆಯೋ ಎಂದು ಮೊದಲು ನೋಡಬೇಕು. ಎದುರುಬದುರೆಂಬ ಮಾತು ಒಂದೇ ಕ್ಷಣಕ್ಕೆ ಸಲ್ಲುವುದೆಂಬುದೂ ನೆನಪಿರಲಿ. ಚಂದ್ರನು ರಾಹುವನ್ನು ದಾಟಿದ ಮೇಲೆ ಕೇತುವನ್ನು ಮುಟ್ಟಲು ಹದಿಮೂರೂವರೆ ದಿನ ಹಿಡಿಯುತ್ತದೆ. ಅಷ್ಟರಲ್ಲಿ ರೇಖೆಯೇ ಸರಾಸರಿ ಮುಕ್ಕಾಲು ಅಂಶದಷ್ಟು ಹಿಂದೆ ಸರಿದಿರುವುದರಿಂದ, ಎರಡು ದಾಟುಗಳನ್ನೂ ಕಣ್ಣಿನಿಂದ ಕಂಡು ಗುರುತು ಹಾಕಿದವನಿಗೆ ಅವುಗಳ ಅಂತರ 180ಕ್ಕೆ ತುಸು ಕಡಿಮೆಯಾಗಿಯೇ ಸಿಗುವುದು.