ಯಾರನ್ನು ಕೇಳಿದಿರಿ? ಸಮೀಕ್ಷೆಗೆ ಜನರನ್ನು ಆರಿಸುವ ಮೂರು ವಿಧಾನ

ಒಂದು ಪದವಿ ಕಾಲೇಜು ಇದೆ ಎಂದುಕೊಳ್ಳಿ. ಅಲ್ಲಿ 1,200 ವಿದ್ಯಾರ್ಥಿಗಳಿದ್ದಾರೆ. ಅವರು ಕಾಲೇಜಿಗೆ ಬಂದು ಹೋಗಲು ದಿನಕ್ಕೆ ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೆ? ಇದು ನಿಮ್ಮ ಪ್ರಾಜೆಕ್ಟಿನ ಪ್ರಶ್ನೆ. ಎಲ್ಲರನ್ನೂ ಕೇಳಲು ಸಮಯವಿಲ್ಲ, 120 ಜನರನ್ನು ಕೇಳಬಹುದು. ಈ 120 ಜನರೇ ನಿಮ್ಮ ಸ್ಯಾಂಪಲ್, ಅಂದರೆ ಮಾದರಿ. ಆ 1,200 ಮಂದಿ ಪಾಪ್ಯುಲೇಷನ್, ಅಂದರೆ ಸಮಷ್ಟಿ.

ಎಲ್ಲಕ್ಕಿಂತ ಸುಲಭದ ದಾರಿ ಅನುಕೂಲ ಮಾದರಿ. ಸಂಜೆ ನಾಲ್ಕಕ್ಕೆ ಗ್ರಂಥಾಲಯಕ್ಕೆ ಹೋಗಿ, ಕೈಗೆ ಸಿಕ್ಕ 120 ಜನರಿಂದ ಪ್ರಶ್ನಾವಳಿ ತುಂಬಿಸಿಕೊಳ್ಳುತ್ತೀರಿ. ಖರ್ಚಿಲ್ಲ, ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಹಳ್ಳಿಯಿಂದ ಬರುವವರು ಆ ಹೊತ್ತಿಗೆ ಬಸ್ ಹಿಡಿಯಲು ಹೊರಟುಹೋಗಿರುತ್ತಾರೆ. ಹೆಚ್ಚು ದೂರ ಪ್ರಯಾಣ ಮಾಡುವವರೇ ನಿಮಗೆ ಸಿಗಲಿಲ್ಲ. ಹೀಗಾಗಿ ಉತ್ತರ ಕಡಿಮೆ ಬಂದೇ ಬರುತ್ತದೆ.

‘ಹಾಗಾದರೆ ಇನ್ನೂ ಹೆಚ್ಚು ಜನರನ್ನು ಕೇಳಿದರೆ ಸರಿಹೋಗುವುದಿಲ್ಲವೇ?’ ಎಂದು ನೀವು ಕೇಳಬಹುದು. ಇಲ್ಲ. 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಅಧ್ಯಕ್ಷ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಹೇಳಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ. ವಿಳಾಸಗಳಲ್ಲಿ ಬಹುಪಾಲು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಬಂದಿದ್ದವು. ಜೊತೆಗೆ, ಪತ್ರ ತಲುಪಿದವರಲ್ಲಿ ಹೆಚ್ಚಿನವರು ಉತ್ತರಿಸಲೇ ಇಲ್ಲ.

ಎರಡನೆಯದು ರ‍್ಯಾಂಡಮ್, ಅಂದರೆ ಯಾದೃಚ್ಛಿಕ ಮಾದರಿ. ಇದರ ಸರಳ ರೂಪದಲ್ಲಿ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಒಂದೇ ಸಮ. ಇದಕ್ಕೆ ಮೊದಲು ಪೂರ್ತಿ ಪಟ್ಟಿ ಬೇಕು. ಕಾಲೇಜು ಕಚೇರಿಯಲ್ಲಿ ಪ್ರಾಂಶುಪಾಲರ ಅನುಮತಿ ಪಡೆದು ದಾಖಲಾತಿ ಪಟ್ಟಿ ಕೇಳಿ. ಅದನ್ನು ಎಕ್ಸೆಲ್‌ನಲ್ಲಿ ಹಾಕಿ, ಪ್ರತಿ ಹೆಸರಿನ ಪಕ್ಕ ಈ ಸೂತ್ರ ಬರೆಯಿರಿ:

```
=RAND()
```

ಬಂದ ಸಂಖ್ಯೆಗಳು ಪದೇ ಪದೇ ಬದಲಾಗುತ್ತವೆ. ಆದ್ದರಿಂದ ಸೂತ್ರವನ್ನು ತೆಗೆದು ಬರೀ ಸಂಖ್ಯೆಯಾಗಿ ಪೇಸ್ಟ್ ಮಾಡಿ. ನಂತರ ಏರಿಕೆ ಕ್ರಮದಲ್ಲಿ ಜೋಡಿಸಿ, ಮೊದಲ 120 ಹೆಸರು ತೆಗೆದುಕೊಳ್ಳಿ. ಆಯ್ಕೆಯಾದವರು ಇವತ್ತು ಬಂದಿಲ್ಲವೆಂದು ಪಕ್ಕದಲ್ಲಿ ಕೂತವರನ್ನು ಕೇಳಬೇಡಿ, ಹಾಗೆ ಮಾಡಿದರೆ ಅದು ಮತ್ತೆ ಅನುಕೂಲ ಮಾದರಿಯೇ ಆಗುತ್ತದೆ. ನಾಳೆ ಮತ್ತೆ ಹೋಗಿ. ಕೊನೆಗೂ ಸಿಗದವರು ಎಷ್ಟು ಜನ ಎಂದು ವರದಿಯಲ್ಲಿ ಬರೆಯಿರಿ. ಇಲ್ಲಿ ಹಣಕ್ಕಿಂತ ಓಡಾಟವೇ ಹೆಚ್ಚು.

ಮೂರನೆಯದು ಸ್ಟ್ರಾಟಿಫೈಡ್, ಅಂದರೆ ಸ್ತರೀಕೃತ ಮಾದರಿ. ಇದರಲ್ಲಿ ಮೊದಲು ಗುಂಪು ಮಾಡಿ, ಆಮೇಲೆ ಪ್ರತಿ ಗುಂಪಿನೊಳಗೆ ಯಾದೃಚ್ಛಿಕವಾಗಿ ಆರಿಸುತ್ತೀರಿ. ನಮ್ಮ ಕಾಲೇಜಿನಲ್ಲಿ ಹಾಸ್ಟೆಲಿನವರು 100, ಊರಿನವರು 500, ಹಳ್ಳಿಗಳಿಂದ ಬರುವವರು 600 ಇದ್ದಾರೆ ಎನ್ನೋಣ. ಅದೇ ಪ್ರಮಾಣದಲ್ಲಿ ಆರಿಸಿದರೆ 10, 50, 60 ಜನ ಬರುತ್ತಾರೆ. ಹಾಸ್ಟೆಲಿನವರ ಬಗ್ಗೆ ಪ್ರತ್ಯೇಕವಾಗಿ ಏನಾದರೂ ಹೇಳಲು ಹತ್ತು ಜನ ಸಾಲದು. ಆಗ ಪ್ರತಿ ಗುಂಪಿನಿಂದ 40 ಜನರನ್ನು ತೆಗೆದುಕೊಳ್ಳಬಹುದು.

ಆದರೆ ಸರಾಸರಿ ತೆಗೆಯುವಾಗ ಎಚ್ಚರ ಬೇಕು. ಮೂರು ಗುಂಪುಗಳ ಸರಾಸರಿ ಕ್ರಮವಾಗಿ 10, 30, 90 ನಿಮಿಷ ಬಂತು ಎನ್ನಿ. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ 43 ನಿಮಿಷ. ಇದು ತಪ್ಪು, ಏಕೆಂದರೆ 100 ಜನರ ಹಾಸ್ಟೆಲಿಗೂ 600 ಜನರ ಹಳ್ಳಿ ಗುಂಪಿಗೂ ಒಂದೇ ತೂಕ ಕೊಟ್ಟಂತಾಯಿತು. ಪ್ರತಿ ಸರಾಸರಿಯನ್ನು ಆ ಗುಂಪಿನ ನಿಜವಾದ ಸಂಖ್ಯೆಯಿಂದ ಗುಣಿಸಿ, ಕೂಡಿಸಿ, 1,200ರಿಂದ ಭಾಗಿಸಿ. ಸರಿಯಾದ ಉತ್ತರ ಸುಮಾರು 58 ನಿಮಿಷ. ಇದನ್ನೇ ವೇಟಿಂಗ್, ಅಂದರೆ ತೂಕ ಕೊಡುವುದು ಎನ್ನುತ್ತಾರೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಸ್ತರಗಳನ್ನು ಬಳಸುತ್ತದೆ. 2019–21ರ ಸುತ್ತಿನಲ್ಲಿ ಹಳ್ಳಿ ಮತ್ತು ನಗರ ಪ್ರದೇಶಗಳನ್ನು ಬೇರ್ಪಡಿಸಿ ಜಾಗಗಳನ್ನು ಆರಿಸಿದರು. ಆಯಾ ಜಾಗದಲ್ಲಿ ಮನೆಗಳ ಪಟ್ಟಿ ತಯಾರಿಸಿ, 22 ಮನೆಗಳನ್ನು ಆಯ್ದುಕೊಂಡರು.

ಇನ್ನು, ಯಾವ ಮಾದರಿಯಿಂದ ಎಷ್ಟು ಹೇಳಬಹುದು? ಗ್ರಂಥಾಲಯದ ಮಾದರಿಯಿಂದ ಆ ಹೊತ್ತಿಗೆ ಅಲ್ಲಿದ್ದವರ ಬಗ್ಗೆ ಮಾತ್ರ. ಪ್ರಶ್ನಾವಳಿಯ ಭಾಷೆ ಸರಿಯಿದೆಯೇ ಎಂದು ಪರೀಕ್ಷಿಸಲು ಅಷ್ಟು ಸಾಕು. ಉಳಿದೆರಡು ಮಾದರಿಗಳಿಂದ ಇಡೀ ಕಾಲೇಜಿನ ಬಗ್ಗೆ ಹೇಳಬಹುದು, ತಪ್ಪಿನ ಅಂದಾಜನ್ನೂ ಕೊಡಬಹುದು. ಆದರೆ ತಾಲ್ಲೂಕಿನ ಎಲ್ಲ ಕಾಲೇಜುಗಳ ಬಗ್ಗೆ ಹೇಳುವಂತಿಲ್ಲ, ಏಕೆಂದರೆ ಅವು ನಿಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ.

ಮುಂದೆ ಯಾವುದೇ ಸಮೀಕ್ಷೆಯ ಸುದ್ದಿ ಓದುವಾಗ ಮೂರು ವಿಷಯ ಹುಡುಕಿ: ಹೆಸರುಗಳನ್ನು ಯಾವ ಪಟ್ಟಿಯಿಂದ ತೆಗೆದರು, ಹೇಗೆ ಆರಿಸಿದರು, ಎಷ್ಟು ಜನ ಉತ್ತರಿಸಲಿಲ್ಲ. ನಿಮ್ಮ ವರದಿಯಲ್ಲೂ ಈ ಮೂರನ್ನು ತಪ್ಪದೆ ಬರೆಯಿರಿ.